ಚೀನಾದ ತಯಾರಕರು: ನೋಂದಣಿ ನೋಡುವುದೋ, ರಫ್ತು ದಾಖಲೆ ನೋಡುವುದೋ?

ಅಲಿಬಾಬಾದಲ್ಲಿ ಸಿಕ್ಕ ಪಂಪ್ ತಯಾರಕರಿಗೆ ಮುಂಗಡ ಕಳಿಸುವ ಮೊದಲು ನೋಡಬೇಕಾದ ದಾಖಲೆ ಎರಡು: ಕಂಪನಿಯ ನೋಂದಣಿ ಮತ್ತು ರಫ್ತು ದಾಖಲೆ.

ನೋಂದಣಿ ಸಿಗುವುದು ಚೀನಾ ಸರ್ಕಾರದ gsxt.gov.cn ತಾಣದಲ್ಲಿ. ನೋಂದಣಿ ಚೀನೀ ಹೆಸರಿನಲ್ಲಿರುವುದರಿಂದ ಇಂಗ್ಲಿಷ್ ಹೆಸರು ಹಾಕಿ ಹುಡುಕಬೇಡಿ. ವ್ಯಾಪಾರ ಪರವಾನಗಿಯ ಪ್ರತಿ ಕೇಳಿ, ಅದರಲ್ಲಿರುವ 18 ಅಂಕಿ-ಅಕ್ಷರಗಳ ಸಂಖ್ಯೆಯನ್ನು ಹಾಕಿ. ವ್ಯವಹಾರದ ವ್ಯಾಪ್ತಿಯಲ್ಲಿ 生产 ಅಥವಾ 制造, ಅಂದರೆ ತಯಾರಿಕೆ, ಕಾಣಬೇಕು. ಬರೀ 销售 (ಮಾರಾಟ) ಇದ್ದರೆ ಅವರು ಬಹುಶಃ ದಲ್ಲಾಳಿ. ನೋಂದಣಿಯಲ್ಲಿ ತೋರಿಸಿದ ಬಂಡವಾಳದ ದೊಡ್ಡ ಮೊತ್ತ ನೋಡಿ ಮರುಳಾಗಬೇಡಿ. ಅದು ಹಾಕುತ್ತೇವೆಂದು ಒಪ್ಪಿದ ಹಣ, ಪೂರ್ತಿ ಹಾಕಿರಲೇಬೇಕೆಂದಿಲ್ಲ.

ಆದರೆ ಮಾಲು ನಿಜಕ್ಕೂ ಹೊರಟಿದೆಯೇ ಎಂಬುದು ಅಲ್ಲಿ ತಿಳಿಯದು. ಅದಕ್ಕೆ ಅಮೆರಿಕದ ಹಡಗು ಆಮದು ದಾಖಲೆಗಳಿವೆ. ImportYeti ತಾಣದಲ್ಲಿ ಹುಡುಕಬಹುದು. ಒಂದೇ ಹೆಸರಿನಲ್ಲಿ ವರ್ಷಗಟ್ಟಲೆ ಪಂಪ್ ಹೋಗಿದ್ದರೆ ಒಳ್ಳೆಯ ಗುರುತು. ಪಂಪ್, ಟೈಲ್ಸ್, ಆಟಿಕೆ ಎಲ್ಲವೂ ಇದ್ದರೆ ಅನುಮಾನಿಸಿ. ಏನೂ ಸಿಗದಿದ್ದರೆ ಮೋಸವೆಂದು ತೀರ್ಮಾನಿಸಬೇಡಿ: ವಿಮಾನದ ಸರಕು, ಭಾರತಕ್ಕೆ ಬಂದ ಸರಕು ಅಲ್ಲಿರುವುದಿಲ್ಲ, ಏಜೆಂಟರ ಹೆಸರಿನಲ್ಲೂ ಮಾಲು ಹೋಗಿರಬಹುದು.

ಒಂದನ್ನೇ ನೋಡುವಷ್ಟು ಸಮಯವಿದ್ದರೆ ನಾನು ನೋಂದಣಿಯನ್ನೇ ಆರಿಸುತ್ತೇನೆ. ‘20 ವರ್ಷದ ಕಾರ್ಖಾನೆ’ 2022ರಲ್ಲಿ ನೋಂದಣಿಯಾಗಿದ್ದು, ಹಣ ಕೇಳುವ ಬ್ಯಾಂಕ್ ಖಾತೆಯೂ ಬೇರೆ ಹೆಸರಿನಲ್ಲಿದ್ದರೆ ಹಣ ಕಳಿಸಬೇಡಿ.