ಡಿಫರೆನ್ಷಿಯಲ್ ಪೇರ್‌ಗೆ 200 ಮಿಲಿವೋಲ್ಟ್: ಅಟೆನ್ಯುಯೇಟರ್ ಹಾಕಬೇಕೋ, ಎಮಿಟರ್ ರೆಸಿಸ್ಟರ್ ಹಾಕಬೇಕೋ?

ನನ್ನ ಹತ್ತಿರ ಇದ್ದ ಸಿಗ್ನಲ್‌ನ ಪೀಕ್ 200 ಮಿಲಿವೋಲ್ಟ್. ಅದನ್ನು ಎರಡು ಬಿಸಿ547 ಟ್ರಾನ್ಸಿಸ್ಟರ್‌ಗಳ ಡಿಫರೆನ್ಷಿಯಲ್ ಪೇರ್‌ಗೆ ಕೊಡಬೇಕಿತ್ತು, ಆಕಾರ ಕೆಡಬಾರದು. ಟೈಲ್ ಕರೆಂಟ್ 1 ಮಿಲಿಆಂಪ್, ಕಲೆಕ್ಟರ್‌ಗಳಿಗೆ 2.2 ಕಿಲೋಓಮ್, ಸಪ್ಲೈ ಪ್ಲಸ್-ಮೈನಸ್ 12 ವೋಲ್ಟ್. ಒಂದು ಬೇಸ್ ಗ್ರೌಂಡ್‌ಗೆ, ಇನ್ನೊಂದಕ್ಕೆ ಸಿಗ್ನಲ್. ಎರಡು ಕಲೆಕ್ಟರ್‌ಗಳ ವ್ಯತ್ಯಾಸವನ್ನು ಒಂದು ಆಪ್‌ಆಂಪ್‌ನಿಂದ ತೆಗೆದುಕೊಂಡೆ. ಬ್ರೆಡ್‌ಬೋರ್ಡ್ ಮೇಲೆ ನಾಲ್ಕು ರೀತಿಯಲ್ಲಿ ಕಟ್ಟಿ ನೋಡಿದೆ.

ಮೊದಲು ಏನೂ ಸೇರಿಸದ ಬರೀ ಪೇರ್. ಸ್ಕೋಪನ್ನು ಎಕ್ಸ್-ವೈ ಮೋಡ್‌ಗೆ ಹಾಕಿ ತ್ರಿಕೋನ ಅಲೆ ಕೊಟ್ಟರೆ ಕರ್ವ್ ಪರದೆ ಮೇಲೆ ನೇರವಾಗಿ ಮೂಡುತ್ತದೆ. ಜನರೇಟರ್‌ನಿಂದ ಇಷ್ಟು ಚಿಕ್ಕ ವೋಲ್ಟೇಜ್ ಶುದ್ಧವಾಗಿ ಬರುವುದಿಲ್ಲ. ಹಾಗಾಗಿ ನೂರಕ್ಕೆ ಒಂದರ ಡಿವೈಡರ್ ಹಾಕಿ, ಎಕ್ಸ್ ಪ್ರೋಬನ್ನು ಡಿವೈಡರ್‌ಗೆ ಮುಂಚೆಯೇ ಇಟ್ಟೆ. ಕಂಡದ್ದು ಪುಸ್ತಕದ ಅದೇ ಕರ್ವ್:

```
ΔI = I_EE · tanh( Vid / 2VT )
```

ಇಲ್ಲಿ ΔI ಎರಡು ಕಲೆಕ್ಟರ್ ಕರೆಂಟ್‌ಗಳ ವ್ಯತ್ಯಾಸ, I_EE ಟೈಲ್ ಕರೆಂಟ್, Vid ಎರಡು ಬೇಸ್‌ಗಳ ನಡುವಿನ ವೋಲ್ಟೇಜ್. ಥರ್ಮಲ್ ವೋಲ್ಟೇಜ್ VT ಕೋಣೆಯ ತಾಪಮಾನದಲ್ಲಿ ಸುಮಾರು 26 ಮಿಲಿವೋಲ್ಟ್. ಪ್ಲಾಸ್ಟಿಕ್ ಸ್ಕೇಲನ್ನು ಪರದೆಗೆ ಒತ್ತಿ ಹಿಡಿದು, ಮಧ್ಯದ ಓರೆಗೆ ಸರಿಯಾಗಿ ಕೂರಿಸಿ ನೋಡಿದೆ. 10 ಮಿಲಿವೋಲ್ಟ್‌ವರೆಗೆ ಗೆರೆ ಸ್ಕೇಲಿಗೆ ಅಂಟಿಕೊಂಡೇ ಇರುತ್ತದೆ, ಅಲ್ಲಿ ಕೊರತೆ ಬರೀ ಶೇಕಡಾ 1ರಷ್ಟು. 25ಕ್ಕೆ ಹೋದರೆ ಶೇಕಡಾ 7 ಕಡಿಮೆ, ಬಾಗಿದ್ದು ಕಣ್ಣಿಗೇ ಗೊತ್ತಾಗುತ್ತದೆ. 50ಕ್ಕೆ ಕಾಲು ಭಾಗದಷ್ಟು ಹೋಗಿರುತ್ತದೆ. 137ಕ್ಕೆ ಬಹುತೇಕ ಪೂರ್ತಿ ಕರೆಂಟ್ ಒಂದೇ ಟ್ರಾನ್ಸಿಸ್ಟರ್ ಪಾಲು. ಒಂದು ಟ್ರಾನ್ಸಿಸ್ಟರನ್ನು ಬೆರಳಲ್ಲಿ ಮುಟ್ಟಿದರೆ ಇಡೀ ಕರ್ವ್ ನಿಧಾನಕ್ಕೆ ಪಕ್ಕಕ್ಕೆ ಜಾರುತ್ತದೆ, ಒಂದು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್. ಎರಡನ್ನೂ ಮುಖಕ್ಕೆ ಮುಖ ಅಂಟಿಸಿದ ಮೇಲೆ ಆ ಕಾಟ ಕಡಿಮೆಯಾಯಿತು.

ಸೈನ್ ಅಲೆ ಕೊಟ್ಟಾಗ ಹುಟ್ಟುವ ಮೂರನೇ ಹಾರ್ಮೋನಿಕ್‌ಗೆ ಒಂದು ಸುಲಭದ ಲೆಕ್ಕ ಇದೆ: ಪೀಕ್ ವೋಲ್ಟೇಜನ್ನು 2VTಯಿಂದ ಭಾಗಿಸಿ, ವರ್ಗ ಮಾಡಿ, 12ರಿಂದ ಭಾಗಿಸಿ. 10 ಮಿಲಿವೋಲ್ಟ್ ಪೀಕ್‌ಗೆ ಶೇಕಡಾ 0.3, 18ಕ್ಕೆ ಶೇಕಡಾ 1. ಇನ್ನು 200 ಕೊಟ್ಟರೆ ಹೊರಗೆ ಬರುವುದು ಚೌಕದ ಅಲೆಯೇ.

ಎರಡನೆಯದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಅಟೆನ್ಯುಯೇಟರ್. 1.9 ಕಿಲೋಓಮ್ ಮತ್ತು 100 ಓಮ್ ಹಾಕಿ 200ನ್ನು 10ಕ್ಕೆ ಇಳಿಸಿದೆ. ಡಿಸ್ಟಾರ್ಷನ್ ಶೇಕಡಾ 0.3ಕ್ಕೆ ಬಂತು. ಆದರೆ ಬರೀ ಪೇರ್‌ನ 42ರ ಗೇನ್ ಈಗ 2ರ ಆಸುಪಾಸು. ಅದಕ್ಕಿಂತ ಬೇಸರ ತಂದದ್ದು ನಾಯ್ಸ್. ಪೇರ್‌ನ ಸ್ವಂತ ನಾಯ್ಸ್ ಚಿಕ್ಕದೇ, ಲೆಕ್ಕಕ್ಕೆ ಒಂದು ರೂಟ್ ಹರ್ಟ್ಸ್‌ಗೆ ಸುಮಾರು 1 ನ್ಯಾನೋವೋಲ್ಟ್. ಸಿಗ್ನಲನ್ನು ಇಪ್ಪತ್ತು ಪಟ್ಟು ಕುಗ್ಗಿಸಿದ್ದೇವೆ, ನಾಯ್ಸ್ ಮಾತ್ರ ಕುಗ್ಗಿಲ್ಲ. ಡಿವೈಡರ್‌ನ ನಾಯ್ಸನ್ನೂ ಸೇರಿಸಿ ಇನ್‌ಪುಟ್‌ಗೆ ಹೋಲಿಸಿದರೆ ಸುಮಾರು 30 ನ್ಯಾನೋವೋಲ್ಟ್ ಆಗುತ್ತದೆ.

ಮೂರನೆಯದು ಎಮಿಟರ್ ಡಿಜನರೇಷನ್. ಪ್ರತಿ ಎಮಿಟರ್‌ಗೂ 470 ಓಮ್ ಸೇರಿಸಿ, ಆ ಎರಡರ ಇನ್ನೊಂದು ತುದಿಗಳನ್ನು ಟೈಲ್‌ಗೆ ಕಟ್ಟಿದೆ. ಇಲ್ಲಿ ಆಗುವುದನ್ನು ಸಮೀಕರಣ ತಿರುಗಿಸಿ ಬರೆದರೆ ಚೆನ್ನಾಗಿ ಕಾಣುತ್ತದೆ. y ಅಂದರೆ ΔIಯನ್ನು ಟೈಲ್ ಕರೆಂಟ್‌ನಿಂದ ಭಾಗಿಸಿದ್ದು, RE ಅಂದರೆ ಆ 470 ಓಮ್.

```
Vid = 2VT · atanh(y) + I_EE · RE · y
```

ಮೊದಲ ಭಾಗ ಹಳೆಯ ಪೇರ್, ಒಂಚೂರೂ ಬದಲಾಗಿಲ್ಲ. ಎರಡನೆಯದು ಅಪ್ಪಟ ನೇರ ಗೆರೆ. ಅಂದರೆ ರೆಸಿಸ್ಟರ್ ಆ ಬಾಗನ್ನು ನೆಟ್ಟಗೆ ಮಾಡುವುದಿಲ್ಲ. ಎರಡು ಬಾಗುಗಳ ನಡುವೆ ಉದ್ದನೆಯ ನೇರ ದಾರಿ ತಂದು ಕೂರಿಸುತ್ತದೆ, ಅಷ್ಟೇ. ನಮ್ಮ ಲೆಕ್ಕದಲ್ಲಿ ಆ ದಾರಿಯ ಉದ್ದ ಪ್ರತಿ ಬದಿಗೂ 470 ಮಿಲಿವೋಲ್ಟ್. ΔI ಟೈಲ್ ಕರೆಂಟ್‌ನ ಶೇಕಡಾ 99 ಮುಟ್ಟಲು ಮೊದಲು 137 ಮಿಲಿವೋಲ್ಟ್ ಬೇಕಿತ್ತು, ಈಗ ಸುಮಾರು 600. ಪೂರ್ತಿ ಕರ್ವ್ ಅಗಲವಾದದ್ದು ನಾಲ್ಕೂವರೆ ಪಟ್ಟು ಕೂಡ ಇಲ್ಲ. ಆದರೆ ಅದೇ ಶೇಕಡಾ 0.3 ಡಿಸ್ಟಾರ್ಷನ್‌ಗೆ ಕೊಡಬಹುದಾದ ಪೀಕ್ 10ರಿಂದ ಸುಮಾರು 300ಕ್ಕೆ ಏರಿತು. ಮೂವತ್ತು ಪಟ್ಟು! ಬಿಟ್ಟುಕೊಟ್ಟದ್ದು ಹತ್ತು ಪಟ್ಟು ಗೇನ್ ಮಾತ್ರ. ಸ್ಕೇಲ್ ಇಟ್ಟು ನೋಡಿದಾಗ ಗೆರೆ ಪರದೆಯ ಬಹುಪಾಲು ಉದ್ದಕ್ಕೂ ಅದಕ್ಕೆ ಅಂಟಿಕೊಂಡಿತ್ತು.

ನನ್ನ 200ಕ್ಕೆ ಲೆಕ್ಕದ ಡಿಸ್ಟಾರ್ಷನ್ ಶೇಕಡಾ 0.12, ಗೇನ್ 4.2, ನಾಯ್ಸ್ ಸುಮಾರು 4 ನ್ಯಾನೋವೋಲ್ಟ್. ಮೂರರಲ್ಲೂ ಅಟೆನ್ಯುಯೇಟರ್ ಸೋತಿತು. ಇನ್ನೊಂದು ಲಾಭವೂ ಇದೆ. ಬರೀ ಪೇರ್‌ನ ಗೇನ್ 30 ಡಿಗ್ರಿ ಬಿಸಿಯಾದರೆ ಶೇಕಡಾ 10ರಷ್ಟು ಇಳಿಯುತ್ತದೆ, ಇಲ್ಲಿ ಇಳಿಯುವುದು ಶೇಕಡಾ 1ರಷ್ಟೇ.

ತೊಂದರೆ ಕೊಟ್ಟದ್ದು ಬೇರೆ ಕಡೆ. ಡಬ್ಬಿಯಲ್ಲಿದ್ದ ಶೇಕಡಾ 5ರ ಕಾರ್ಬನ್ ರೆಸಿಸ್ಟರ್‌ಗಳನ್ನು ಸುಮ್ನೆ ಹಾಕಿಬಿಟ್ಟಿದ್ದೆ. ಔಟ್‌ಪುಟ್ ಸೊನ್ನೆಯಲ್ಲಿ ನಿಲ್ಲಲೇ ಇಲ್ಲ. ಟ್ರಾನ್ಸಿಸ್ಟರ್ ಬದಲಾಯಿಸಿದೆ, ಹಾಗೇ ಇತ್ತು. ಕೊನೆಗೆ ಅಳೆದರೆ ಒಂದು 462, ಇನ್ನೊಂದು 478 ಓಮ್. ಪ್ರತಿಯೊಂದರಲ್ಲೂ ಅರ್ಧ ಮಿಲಿಆಂಪ್ ಹರಿಯುತ್ತಿದೆ, 16 ಓಮ್ ವ್ಯತ್ಯಾಸಕ್ಕೆ 8 ಮಿಲಿವೋಲ್ಟ್ ಆಫ್‌ಸೆಟ್. ಎಡ-ಬಲ ಅದಲು ಬದಲು ಮಾಡಿದಾಗ ಆಫ್‌ಸೆಟ್ ಬಹುತೇಕ ಅಷ್ಟೇ ಪ್ರಮಾಣದಲ್ಲಿ ಆ ಕಡೆಗೆ ತಿರುಗಿತು. ತಪ್ಪು ರೆಸಿಸ್ಟರ್‌ದೇ ಎಂದು ಗೊತ್ತಾಗುವುದು ಹೀಗೆ. ಈಗ ಶೇಕಡಾ 1ರ ಮೆಟಲ್ ಫಿಲ್ಮ್ ತೆಗೆದುಕೊಂಡು ಮೀಟರಿನಲ್ಲಿ ಜೋಡಿ ಮಾಡಿಯೇ ಹಾಕುತ್ತೇನೆ. ಹಾಗಂತ ರೆಸಿಸ್ಟರ್ ಬೆಲೆ ಸುಮ್ಮನೆ ಏರಿಸಬಾರದು. ಟೈಲ್ ಕರೆಂಟ್ ಮತ್ತು REಯ ಗುಣಲಬ್ಧ ಪೀಕ್‌ನ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ನನಗೆ ಸಾಕು. ಅದರ ಮೇಲೆ ಹೋದಷ್ಟೂ ಗೇನ್ ಇಳಿಯುತ್ತದೆ, ನಾಯ್ಸ್ ಏರುತ್ತದೆ.

ನಾಲ್ಕನೆಯದು ಅದೇ ಸಮೀಕರಣ, ಬೇರೆ ಜೋಡಣೆ: ಪ್ರತಿ ಎಮಿಟರ್‌ಗೂ ತನ್ನದೇ ಅರ್ಧ ಮಿಲಿಆಂಪ್ ಕರೆಂಟ್ ಸೋರ್ಸ್, ಎರಡು ಎಮಿಟರ್‌ಗಳ ನಡುವೆ ಒಂದೇ 940 ಓಮ್. ಸಿಗ್ನಲ್ ಇಲ್ಲದಾಗ ಈ ರೆಸಿಸ್ಟರ್‌ನಲ್ಲಿ ಹೆಚ್ಚುಕಡಿಮೆ ಕರೆಂಟೇ ಇಲ್ಲ. ಹಾಗಾಗಿ ಮೂರನೆಯದರಲ್ಲಿ ನಷ್ಟವಾಗುತ್ತಿದ್ದ 235 ಮಿಲಿವೋಲ್ಟ್ ಇಲ್ಲಿ ಉಳಿಯುತ್ತದೆ. ಆ ಜಾಗಕ್ಕೆ ಪಾಟ್ ಹಾಕಿದರೆ ಗೇನ್ ತಿರುಗಿಸಿಕೊಳ್ಳಬಹುದು. ಆದರೆ ಎರಡು ಸೋರ್ಸ್‌ಗಳು ಸಮ ಇಲ್ಲದಿದ್ದರೆ ಆಫ್‌ಸೆಟ್ ಮತ್ತೆ ಬರುತ್ತದೆ. ಜೊತೆಗೆ ಒಂದೇ ಟೈಲ್ ಇದ್ದಾಗ ಅದರ ನಾಯ್ಸ್ ಎರಡೂ ಬದಿಗೆ ಸಮನಾಗಿ ಹಂಚಿ, ವ್ಯತ್ಯಾಸ ತೆಗೆದಾಗ ಕಳೆದುಹೋಗುತ್ತಿತ್ತು. ಇಲ್ಲಿ ಎರಡು ಸೋರ್ಸ್‌ಗಳ ನಾಯ್ಸ್ ಬೇರೆ ಬೇರೆ, ಅದು ಔಟ್‌ಪುಟ್‌ಗೆ ಬಂದೇ ಬರುತ್ತದೆ. 12 ವೋಲ್ಟ್ ಇರುವ ನನಗೆ 235 ಮಿಲಿವೋಲ್ಟ್ ಉಳಿಸುವ ಅಗತ್ಯ ಇರಲಿಲ್ಲ, ಮೂರನೆಯದನ್ನೇ ಬೆಸುಗೆ ಹಾಕಿದೆ.

ಆದರೆ ಅದೇ ಬೋರ್ಡನ್ನು ಮುಂದಿನ ವಾರ ವೋಲ್ಟೇಜ್‌ನಿಂದ ವಾಲ್ಯೂಮ್ ನಿಯಂತ್ರಿಸಲು ಬಳಸಹೋದಾಗ ತೀರ್ಮಾನ ಬದಲಾಯಿತು. ಅಲ್ಲಿ ಟೈಲ್ ಕರೆಂಟ್ ಇಳಿಸಿದರೆ ಗೇನ್ ಇಳಿಯಬೇಕು. ಬರೀ ಪೇರ್‌ನಲ್ಲಿ 1 ಮಿಲಿಆಂಪ್‌ನಿಂದ 0.1ಕ್ಕೆ ಬಂದರೆ ಗೇನ್ ಸರಿಯಾಗಿ ಹತ್ತರಲ್ಲಿ ಒಂದಾಗುತ್ತದೆ. 470 ಓಮ್ ಇದ್ದಾಗ ಇಳಿದದ್ದು ಅರ್ಧದಷ್ಟು ಮಾತ್ರ, ಯಾಕೆಂದರೆ ಗೇನನ್ನು ಈಗ ನಿರ್ಧರಿಸುತ್ತಿರುವುದು ಮುಖ್ಯವಾಗಿ ರೆಸಿಸ್ಟರ್. ಅದೂ ಅಲ್ಲದೆ ನೇರ ದಾರಿ 470ರಿಂದ 47 ಮಿಲಿವೋಲ್ಟ್‌ಗೆ ಕುಗ್ಗಿ, ವಾಲ್ಯೂಮ್ ಕಮ್ಮಿ ಮಾಡಿದಷ್ಟೂ ಧ್ವನಿ ಒಡೆಯಿತು. ಆ ಕೆಲಸಕ್ಕೆ 470 ಓಮ್‌ಗಳನ್ನು ಕಿತ್ತು, ನಾಯ್ಸ್ ಜಾಸ್ತಿ ಆದರೂ ಅಟೆನ್ಯುಯೇಟರನ್ನೇ ಮತ್ತೆ ಕೂರಿಸಿದೆ.