ಫ್ರಿಜ್ ಒಳಗೆ ನಿಜಕ್ಕೂ ಎಷ್ಟು ಡಿಗ್ರಿ? ಮೂರು ಥರ್ಮಾಮೀಟರ್ ಇಟ್ಟು ನೋಡಿದೆ

ಹೋದ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಫ್ರಿಜ್ ತೆಗೆದರೆ ದೋಸೆ ಹಿಟ್ಟು ಉಕ್ಕಿ, ಮುಚ್ಚಳ ಎತ್ತಿಕೊಂಡು ಕೆಳಗಿನ ತಟ್ಟೆಗೆಲ್ಲ ಇಳಿದಿತ್ತು. ಹಿಂದಿನ ದಿನ ಬಾಗಿಲಲ್ಲಿಟ್ಟಿದ್ದ ಹಾಲು ಕಾಯಿಸಿದಾಗ ಒಡೆದಿತ್ತು. ದಾವಣಗೆರೆಯ ಬೇಸಿಗೆ, ಹೀಗೇ ಆಗುತ್ತೆ ಅಂತ ಸುಮ್ಮನಿದ್ದೆವು. ಆದರೆ ಫ್ರಿಜ್ ಸರಿಯಾಗಿ ತಣ್ಣಗಿದ್ದರೆ ಹಿಟ್ಟು ಹುಳಿ ಬರುವುದು ಬಹುಮಟ್ಟಿಗೆ ನಿಂತುಬಿಡಬೇಕು. ಅದು ಉಕ್ಕಿದೆ ಅಂದರೆ ಒಳಗೆ ಬೆಚ್ಚಗಿದೆ ಅಂತಲೇ ಅರ್ಥ.

ಎಷ್ಟಿರಬೇಕು ಅನ್ನುವುದರಲ್ಲಿ ಗೊಂದಲವಿಲ್ಲ. ಫ್ರಿಜ್ ಒಳಗೆ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ, ಫ್ರೀಜರ್‌ನಲ್ಲಿ ಮೈನಸ್ 18. ಅಮೆರಿಕದವರು ಫ್ರಿಜ್‌ಗೆ 40 ಫ್ಯಾರನ್‌ಹೀಟ್ ಅನ್ನುತ್ತಾರೆ, ಅದು ಸುಮಾರು 4 ಡಿಗ್ರಿ. ನಾನು 3ರಿಂದ 4 ಅಂತ ಗುರಿ ಇಟ್ಟುಕೊಂಡೆ. ಬಾಗಿಲು ಹತ್ತಾರು ಸಲ ತೆಗೆಯುವ ಮನೆಯಲ್ಲಿ ಒಂದು ಡಿಗ್ರಿ ಕೈಯಲ್ಲಿರುವುದು ಒಳ್ಳೆಯದು. ಗುಂಡಿಯ ಮೇಲಿರುವ 1ರಿಂದ 7 ಡಿಗ್ರಿಯಲ್ಲ. ಸಂಖ್ಯೆ ಜಾಸ್ತಿ ಆದಷ್ಟೂ ಚಳಿ ಜಾಸ್ತಿ, ಅಷ್ಟೇ.

"ಜ್ವರ ನೋಡೋದು ಇದೆಯಲ್ಲಪ್ಪಾ, ಅದನ್ನೇ ಇಡು" ಅಂದರು ಅಮ್ಮ. ಅದು ಆಗಲ್ಲ. ಜ್ವರದ ಥರ್ಮಾಮೀಟರ್ ಸುಮಾರು 35 ಡಿಗ್ರಿಗಿಂತ ಕೆಳಗೆ ಅಳೆಯುವುದೇ ಇಲ್ಲ. ಹಾಗಾಗಿ ಮೂರು ಬಗೆಯದನ್ನು ಹೊಂದಿಸಿಕೊಂಡೆ. ಒಂದು, ಕೆಂಪು ದ್ರವದ ಗಾಜಿನ ಕೊಳವೆ ಇರುವ, ತಟ್ಟೆಗೆ ನೇತುಹಾಕುವ ಹಳೇ ಬಗೆಯದು. ಎರಡು, ಉದ್ದ ವೈರಿನ ತುದಿಯಲ್ಲಿ ಸೆನ್ಸರ್ ಇರುವ ಪುಟ್ಟ ಡಿಜಿಟಲ್. ಮೂರು, ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅದೇ ಥರದ, ಆದರೆ ವಸ್ತುಗಳ ಬಿಸಿ ನೋಡುವ ಇನ್‌ಫ್ರಾರೆಡ್ ಗನ್. ಇದು ಸ್ನೇಹಿತನದು.

ಮೊದಲು ಇವುಗಳನ್ನೇ ಪರೀಕ್ಷೆ ಮಾಡಬೇಕು. ದೊಡ್ಡ ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದಿ ತುಂಬುವಷ್ಟು ಮಾತ್ರ ತಣ್ಣೀರು ಹಾಕಿದೆ. ಚೆನ್ನಾಗಿ ಕಲಕಿ ಐದು ನಿಮಿಷ ಬಿಟ್ಟೆ. ಐಸ್ ಮತ್ತು ನೀರು ಒಟ್ಟಿಗಿರುವವರೆಗೂ ಅದು 0 ಡಿಗ್ರಿಯಲ್ಲೇ ಇರುತ್ತದೆ. ನೀರು ಜಾಸ್ತಿಯಾಗಿ ಐಸ್ ತೇಲತೊಡಗಿದರೆ ಲೋಟದ ತಳ ಬೆಚ್ಚಗಾಗಿ ಲೆಕ್ಕ ತಪ್ಪುತ್ತದೆ. ಡಿಜಿಟಲ್ 0.4 ತೋರಿಸಿತು. ಗನ್ 0.8. ಗಾಜಿನದು 2. ಗಾಜಿನದನ್ನು ಬಿಸಾಡಬೇಕಿಲ್ಲ, ಅದು ಹೇಳಿದ್ದರಲ್ಲಿ 2 ಕಳೆದರಾಯಿತು. ಅದರ ಬೆನ್ನಿಗೆ ಪಟ್ಟಿ ಅಂಟಿಸಿ ಹಾಗೆಂದು ಬರೆದಿಟ್ಟೆ.

ಐಸ್ ಪರೀಕ್ಷೆಯಲ್ಲಿ ಗನ್ ಪಾಸಾಯಿತಲ್ಲ, ಇದೇ ಸುಲಭ ಅಂದುಕೊಂಡೆ. ಫ್ರಿಜ್ ತೆಗೆದು ಮೊಸರಿನ ಸ್ಟೀಲ್ ಪಾತ್ರೆಗೆ ಹಿಡಿದರೆ 19 ಡಿಗ್ರಿ! ಪಕ್ಕದ ಹಾಲಿನ ಪ್ಯಾಕೆಟ್ಟಿಗೆ ಹಿಡಿದರೆ 8. ಮೊಸರನ್ನು ಮುಟ್ಟಿ ನೋಡಿದೆ, ಅದೂ ಹಾಲಿನಷ್ಟೇ ತಣ್ಣಗಿತ್ತು. ಗನ್ ಕೆಟ್ಟಿರಲಿಲ್ಲ. ಅದು ಮೇಲ್ಮೈಯಿಂದ ಬರುವ ಶಾಖವನ್ನಷ್ಟೇ ಓದುತ್ತದೆ. ಹೊಳೆಯುವ ಸ್ಟೀಲ್ ಕನ್ನಡಿಯ ಹಾಗೆ, ನನ್ನ ಮತ್ತು ಅಡುಗೆಮನೆಯ ಬಿಸಿಯನ್ನೇ ವಾಪಸ್ ತೋರಿಸುತ್ತಿತ್ತು. ನಮ್ಮ ಫ್ರಿಜ್ಜುಗಳಲ್ಲಿ ಅರ್ಧ ಸ್ಟೀಲ್ ಪಾತ್ರೆಗಳೇ ತಾನೆ. ಅದಕ್ಕೇ ಈ ಕೆಲಸಕ್ಕೆ ಗನ್ ಕೊಳ್ಳಬೇಡಿ ಅಂತಲೇ ಹೇಳುತ್ತೇನೆ.

ಡಿಜಿಟಲ್‌ನ ಸೆನ್ಸರ್ ಅನ್ನು ನಡು ತಟ್ಟೆಯಲ್ಲಿ ಹಾಗೇ ಇಟ್ಟು, ವೈರನ್ನು ಬಾಗಿಲ ರಬ್ಬರ್ ಸಂದಿಯಿಂದ ಹೊರಗೆ ತಂದೆ. ಬಾಗಿಲು ತೆಗೆಯದೇ ಓದಬಹುದು, ಇದು ದೊಡ್ಡ ಅನುಕೂಲ. ಆದರೆ ಒಂದು ಗಂಟೆಯಲ್ಲೇ ಅದು 5ರಿಂದ 10ರವರೆಗೆ ಓಲಾಡಿತು. ಕಂಪ್ರೆಸರ್ ಓಡಿದಾಗ ಇಳಿಯುತ್ತದೆ, ನಿಂತಾಗ ಏರುತ್ತದೆ, ಯಾರಾದರೂ ಬಾಗಿಲು ತೆಗೆದರೆ ಜಿಗಿಯುತ್ತದೆ. ಅದು ಗಾಳಿಯ ಬಿಸಿ. ನಮಗೆ ಬೇಕಾದದ್ದು ಆಹಾರದ್ದು.

ಆ ರಾತ್ರಿ ನಡು ತಟ್ಟೆಯಲ್ಲಿ ಒಂದು ಲೋಟ ನೀರಿಟ್ಟು, ಸೆನ್ಸರ್ ತುದಿಯನ್ನೂ ಗಾಜಿನ ಥರ್ಮಾಮೀಟರನ್ನೂ ಅದರಲ್ಲಿ ಮುಳುಗಿಸಿದೆ. ನೀರು ನಿಧಾನಕ್ಕೆ ಬದಲಾಗುತ್ತದೆ, ಸಾರು ಹಾಲು ಇದ್ದ ಹಾಗೆ. ಎಂಟು ಗಂಟೆ ಬಿಟ್ಟು, ಬೆಳಿಗ್ಗೆ ಯಾರೂ ಬಾಗಿಲು ತೆಗೆಯುವ ಮೊದಲೇ ನೋಡಿದೆ. ಡಿಜಿಟಲ್ 7.8, ಗಾಜಿನದು 10. ಅದರಲ್ಲಿ 2 ಕಳೆದರೆ 8. ಎರಡೂ ಒಂದೇ ಮಾತು ಹೇಳಿದವು. ಗುಂಡಿ 3ರಲ್ಲಿತ್ತು. ಹಿಟ್ಟು ಉಕ್ಕಿದ್ದು ಯಾಕೆ ಅಂತ ಈಗ ಗೊತ್ತಾಯಿತು.

ಗುಂಡಿಯನ್ನು 4ಕ್ಕೆ ತಿರುಗಿಸಿ ಪೂರ್ತಿ ಒಂದು ದಿನ ಬಿಟ್ಟೆ. ಗಂಟೆಗೊಮ್ಮೆ ತಿರುಗಿಸುತ್ತಾ ಕೂತರೆ ಏನೂ ತಿಳಿಯಲ್ಲ. ಮರುದಿನ 5.9. 5ಕ್ಕೆ ತಿರುಗಿಸಿದ ಮೇಲೆ 3.8. ಸಾಕು. ಅದೇ ಲೋಟವನ್ನು ಬಾಗಿಲಿನ ಗೂಡಿಗೆ ಇಟ್ಟು ನೋಡಿದರೆ ಆಗಲೂ 7ರ ಹತ್ತಿರ ಇತ್ತು. ಹಾಲನ್ನು ಒಳಗಿನ ತಟ್ಟೆಗೆ ಸೇರಿಸಿ, ಉಪ್ಪಿನಕಾಯಿ, ಸಾಸ್ ಬಾಟಲಿಗಳನ್ನು ಬಾಗಿಲಿಗೆ ಕಳಿಸಿದೆವು.

ಫ್ರೀಜರ್‌ನ ಲೆಕ್ಕ ಬೇರೆ. ಅಲ್ಲಿ ಲೋಟದ ನೀರು ಐಸ್ ಆಗಿ ಸೆನ್ಸರ್ ಹಿಡಿದುಕೊಳ್ಳುತ್ತದೆ. ಅದಕ್ಕೇ ಹೆಪ್ಪುಗಟ್ಟಿದ ಬಟಾಣಿಯ ಎರಡು ಪ್ಯಾಕೆಟ್ ನಡುವೆ ಸೆನ್ಸರ್ ಸಿಗಿಸಿ ರಾತ್ರಿಯಿಡೀ ಬಿಟ್ಟೆ. ಗುಂಡಿ 5ರಲ್ಲಿದ್ದಾಗ ಮೈನಸ್ 11. ಅತ್ತಿಗೆಯವರ ಮನೆಯ ಡಬಲ್ ಡೋರ್‌ನಲ್ಲೂ ಹೀಗೇ ಇಟ್ಟೆ, ಅಲ್ಲಿ ಮೈನಸ್ 19. ಅವರ ಐಸ್‌ಕ್ರೀಮ್‌ಗೆ ಚಮಚ ಇಳಿಯಲ್ಲ, ನಮ್ಮದಕ್ಕೆ ಬೆಣ್ಣೆಯ ಹಾಗೆ ಇಳಿಯುತ್ತದೆ. ಚಮಚ ಸಲೀಸಾಗಿ ಇಳಿದರೆ ಫ್ರೀಜರ್ ಮೈನಸ್ 18ರಲ್ಲಿಲ್ಲ ಅಂತ ಥರ್ಮಾಮೀಟರ್ ಇಲ್ಲದೆಯೂ ತಿಳಿಯಬಹುದು.

ನಮ್ಮದು ಒಂದೇ ಬಾಗಿಲಿನ, ಕೈಯಲ್ಲಿ ಐಸ್ ಕರಗಿಸುವ ಫ್ರಿಜ್. ಮೇಲಿನ ಐಸ್ ಪೆಟ್ಟಿಗೆಯೇ ಕೆಳಗಿನ ಭಾಗವನ್ನೂ ತಣ್ಣಗೆ ಮಾಡಬೇಕು, ಎರಡಕ್ಕೂ ಒಂದೇ ಗುಂಡಿ. ಛಲಕ್ಕೆ ಬಿದ್ದು 7ಕ್ಕೆ ತಿರುಗಿಸಿದೆ. ಫ್ರೀಜರ್ ಮೈನಸ್ 15ಕ್ಕೆ ಇಳಿಯಿತು. ಆದರೆ ಲೋಟದ ನೀರು 0.6ಕ್ಕೆ ಬಂತು, ಮೊಸರಿನ ಮೇಲೆ ಐಸಿನ ಪದರ ಕಟ್ಟಿತು, ಪಾಲಕ್ ಸೊಪ್ಪು ಗಾಜಿನ ಥರ ಆಗಿ ಆಮೇಲೆ ಕೊಳೆತ ಹಾಗೆ ಮೆತ್ತಗಾಯಿತು. ಎರಡನ್ನೂ ಒಟ್ಟಿಗೆ ಗೆಲ್ಲಲು ಈ ಫ್ರಿಜ್ಜಿನಲ್ಲಿ ಆಗಲ್ಲ. ಕೆಳಗಿನ ಭಾಗವೇ ಮುಖ್ಯ ಅಂತ 5ಕ್ಕೇ ವಾಪಸ್ ತಂದೆ. ಫ್ರೀಜರ್‌ನಲ್ಲಿ ಈಗ ಐಸ್, ಬಟಾಣಿ, ತೆಂಗಿನ ತುರಿ ಮಾತ್ರ, ಅದೂ ವಾರಗಳ ಲೆಕ್ಕಕ್ಕೆ. ಪ್ಯಾಕೆಟ್ ಮೇಲೆ ಮೈನಸ್ 18ರಲ್ಲಿಡಿ, ಇಷ್ಟು ತಿಂಗಳು ಬರುತ್ತದೆ ಅಂತ ಬರೆದಿರುವುದು ನಮ್ಮ ಫ್ರೀಜರ್‌ಗೆ ಅನ್ವಯಿಸುವುದಿಲ್ಲ.

ಒಂದೇ ಕೊಳ್ಳುವುದಾದರೆ ವೈರಿನ ಡಿಜಿಟಲ್ ಕೊಳ್ಳಿ, ಮೈನಸ್ 20ರ ಕೆಳಗೂ ಓದುತ್ತದಾ ಅಂತ ನೋಡಿಕೊಂಡು. ಅದರ ಡಬ್ಬಿ ಹೊರಗಿರಲಿ, ಚಳಿಯಲ್ಲಿ ಪರದೆಯ ಅಂಕಿ ಮಂಕಾಗುತ್ತದೆ. ವೈರ್ ದಪ್ಪವಿದ್ದರೆ ರಬ್ಬರ್ ಸಂದಿಯಿಂದ ಗಾಳಿ ನುಗ್ಗುತ್ತದೆ. ಹಾಗಾಗಿ ಓದಿದ ಮೇಲೆ ತೆಗೆದುಬಿಡುತ್ತೇನೆ. ವರ್ಷವಿಡೀ ಒಳಗಿರುವುದು ಗಾಜಿನದೇ. ಬ್ಯಾಟರಿ ಬೇಡ, ನೀರಿನ ಲೋಟದಲ್ಲಿದ್ದರೆ ಬಾಗಿಲು ತೆಗೆದ ತಕ್ಷಣ ಏರುವುದೂ ಇಲ್ಲ. ಕೆಂಪು ದ್ರವ ನಡುವೆ ತುಂಡಾಗಿ ಖಾಲಿ ಜಾಗ ಕಂಡರೆ ಮಾತ್ರ ಅದರ ಮಾತು ನಂಬಬೇಡಿ.

ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಅದು 3 ತೋರಿಸಿತು. 2 ಕಳೆದರೆ 1. ಗುಂಡಿ ಇನ್ನೂ 5ರಲ್ಲೇ ಇತ್ತು. ಹೊರಗಿನ ಸೆಕೆ ಇಳಿದಿದ್ದರಿಂದ ಅದೇ ಗುಂಡಿಗೆ ಒಳಗೆ ಚಳಿ ಜಾಸ್ತಿಯಾಗಿತ್ತು. 3ಕ್ಕೆ ತಿರುಗಿಸಿದೆ. ಮರುದಿನ ಲೋಟದಲ್ಲಿ 6, ಅಂದರೆ 4.