ಟಿಡಿಎಸ್ ಕಳೆದ ಬಿಲ್ಲಿನ ಫೋಟೊ: ಚಂದಾ ತಂತ್ರಾಂಶಕ್ಕಿಂತ ನಾಲ್ಕು ಸಾಲಿನ ಹಾಳೆಯೇ ಮೇಲು

ಬಿಲ್ಲಿನ ಫೋಟೊ ಓದಿ ತಾನೇ ಖಾತೆಗೆ ಬರೆಯುವ ತಂತ್ರಾಂಶಕ್ಕೆ ನಮ್ಮ ಕಚೇರಿ ಈ ವರ್ಷ ಮತ್ತೆ ಚಂದಾ ಕಟ್ಟುತ್ತಿಲ್ಲ. ಫೋಟೊದಲ್ಲಿರುವ ಅಂಕಿಗಳನ್ನು ಮೊಬೈಲ್‌ನಲ್ಲೇ ನಕಲು ಮಾಡಿ ಲೆಕ್ಕದ ಹಾಳೆಗೆ ಹಾಕುವುದು ನನಗೆ ಹೆಚ್ಚು ನಂಬಿಕೆಯ ದಾರಿ.

ತಂತ್ರಾಂಶ ಎಡವಿದ್ದು ವಾಸ್ತುಶಿಲ್ಪಿಯೊಬ್ಬರ ಬಿಲ್ಲಿನಲ್ಲಿ. ಶುಲ್ಕ 60,000 ರೂಪಾಯಿ, ಜಿಎಸ್‌ಟಿ 10,800, ಒಟ್ಟು 70,800. ಅದರ ಕೆಳಗೆ ಟಿಡಿಎಸ್ 6,000 ಕಳೆದು, ಕೊನೆಯ ಸಾಲಿನಲ್ಲಿ ದಪ್ಪಕ್ಷರದಲ್ಲಿ 64,800. ತಂತ್ರಾಂಶ ಆ ಕೊನೆಯ ಅಂಕಿಯನ್ನೇ ಬಿಲ್ಲಿನ ಮೊತ್ತವೆಂದು ಹಿಡಿಯಿತು. ಬಳಿಕ ತನ್ನ ನಿಯಮದಂತೆ ಇನ್ನೊಮ್ಮೆ 6,000 ಕಡಿತ ಮಾಡಿ, ಪಾವತಿಗೆ 58,800 ತೋರಿಸಿತು. ಬಿಲ್ಲಿನಲ್ಲಿ ಕಡಿತದ ಸಾಲು ಇಲ್ಲದಿದ್ದರೆ ಈ ತೊಂದರೆಯೇ ಬರುವುದಿಲ್ಲ. ಆದ್ದರಿಂದಲೇ ಕಟ್ಟಡದ ಮಾಲೀಕರು ಬರಿಯ ಬಾಡಿಗೆ ಮೊತ್ತ ಬರೆದು ಕಳಿಸುವ ಬಿಲ್ಲುಗಳನ್ನು ಅದು ಸರಿಯಾಗಿಯೇ ಓದುತ್ತಿತ್ತು.

ನನ್ನ ಹಾಳೆಯಲ್ಲಿ ಶುಲ್ಕ, ಜಿಎಸ್‌ಟಿ, ಟಿಡಿಎಸ್, ಕೊಡಬೇಕಾದ ಮೊತ್ತ ಕ್ರಮವಾಗಿ B1ರಿಂದ B4ರವರೆಗೆ ಇರುತ್ತವೆ. ಕೆಳಗೆ ಎರಡು ಸೂತ್ರಗಳು:

```
=B1+B2-B3-B4
=B1*10%-B3
```

ಎರಡೂ ಸೊನ್ನೆಯಾದರೆ ಮಾತ್ರ ಬಿಲ್ ಮುಂದಕ್ಕೆ ಹೋಗುತ್ತದೆ. ಕೆಲವರು ಕಡಿತವನ್ನು ಆವರಣದೊಳಗೆ (6,000) ಎಂದು ಬರೆಯುತ್ತಾರೆ. ಅದನ್ನು ಹಾಗೆಯೇ ಅಂಟಿಸಿದರೆ ಹಾಳೆ ಋಣಸಂಖ್ಯೆಯೆಂದು ತಿಳಿಯುತ್ತದೆ. ಆಗ ಮೊದಲ ಸೂತ್ರ 12,000 ತೋರಿಸುತ್ತದೆ. ವ್ಯತ್ಯಾಸ ಟಿಡಿಎಸ್‌ನ ಸರಿಯಾಗಿ ಎರಡರಷ್ಟಿದ್ದರೆ ತಪ್ಪಿರುವುದು ಚಿಹ್ನೆ, ಅಂಕಿಯಲ್ಲ.

ಎರಡನೆಯ ಸೂತ್ರ ಹಿಡಿಯುವ ತಪ್ಪು ಬೇರೆ. ಬಿಲ್ ಬರೆದವರು ಜಿಎಸ್‌ಟಿ ಸೇರಿದ 70,800ರ ಮೇಲೆ ಶೇ 10 ಲೆಕ್ಕ ಹಾಕಿ 7,080 ಕಳೆದಿರುತ್ತಾರೆ. ಕೊನೆಯ ಸಾಲು 63,720 ಆಗುತ್ತದೆ. ಕೂಡಿ ಕಳೆದರೆ ಎಲ್ಲವೂ ತಾಳೆಯಾಗುವುದರಿಂದ ಮೊದಲ ಸೂತ್ರಕ್ಕೆ ಇದು ಕಾಣುವುದೇ ಇಲ್ಲ; ಎರಡನೆಯದು −1,080 ತೋರಿಸುತ್ತದೆ. ಜಿಎಸ್‌ಟಿಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಕಡಿತ ಮಾಡಬೇಕಿಲ್ಲ ಎಂದು ನೇರ ತೆರಿಗೆ ಮಂಡಳಿಯ 2017ರ 23ನೇ ಸುತ್ತೋಲೆ ಹೇಳಿದೆ. ಇಂತಹ ಬಿಲ್ಲನ್ನು ತಿದ್ದಿ ಕಳಿಸುವಂತೆ ಹಿಂತಿರುಗಿಸುತ್ತೇನೆ. ಶೇ 10 ವೃತ್ತಿಪರ ಶುಲ್ಕಕ್ಕೂ ಕಟ್ಟಡದ ಬಾಡಿಗೆಗೂ ಹೊಂದುತ್ತದೆ. ಯಂತ್ರೋಪಕರಣಗಳ ಬಾಡಿಗೆಯಾದರೆ ಸೂತ್ರದಲ್ಲಿ ಶೇ 2 ಹಾಕಬೇಕು.

ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಎಲ್ಲರಿಗೂ ಹೇಳಿದ್ದೇನೆ. ಮಾಮೂಲಿನಂತೆ ಕಳಿಸಿದರೆ ಚಿತ್ರ ಕುಗ್ಗಿ, ಅಲ್ಪವಿರಾಮ ಯಾವುದು, ದಶಾಂಶ ಬಿಂದು ಯಾವುದು ಎಂದು ತಿಳಿಯದಂತಾಗುತ್ತದೆ.

ದಿನಾಂಕ, ಬಿಲ್ ಸಂಖ್ಯೆ, ಜಿಎಸ್‌ಟಿ ನೋಂದಣಿ ಸಂಖ್ಯೆ ತುಂಬುವುದರಲ್ಲಿ ತಂತ್ರಾಂಶವೇ ಚುರುಕು. ದಿನಕ್ಕೆ ರಾಶಿ ಬಿಲ್ ಬರುವ ಕಡೆ, ಒಟ್ಟು ಮೊತ್ತ ಯಾವ ಸಾಲಿನದು ಎಂದು ಮೊದಲೇ ಗುರುತಿಸಿಕೊಡಲು ಸಾಧ್ಯವಿದ್ದರೆ, ಅದನ್ನೇ ಕೊಳ್ಳಿ. ನಮ್ಮಲ್ಲಿ ಕಡಿತವಿರುವ ಬಿಲ್ಲುಗಳು ತಿಂಗಳಿಗೆ ಬೆರಳೆಣಿಕೆಯಷ್ಟು. ಅವಕ್ಕಾಗಿ ವರ್ಷದ ಚಂದಾ ಕಟ್ಟುವುದು ದಂಡ.